ಸೋಡಿ ಖಾತೆಯ ಮೂವತ್ತು ಸಾವಿರದ ಆರುನೂರು

ಕಂಪನಿಯವರು ದುಡ್ಡು ಹಿಡಿದುಕೊಂಡರು ಎಂಬುದಕ್ಕಲ್ಲ, ಹಿಡಿದುಕೊಂಡಿದ್ದೇವೆ ಎಂದು ಒಂದು ಮಾತು ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂಬುದಕ್ಕೆ ಗಂಗರಾಜು ಇವತ್ತಿಗೂ ಹಲ್ಲು ಕಡಿಯುತ್ತಾನೆ. ದುಡ್ಡು ಬಂತು. ಲೆಕ್ಕವೂ ಸರಿಹೋಯಿತು. ಆದರೂ ಗುಬ್ಬಿ ರಸ್ತೆಯಲ್ಲಿ ಆ ಕಂಪನಿಯ ಗೇಟು ಕಂಡರೆ ಸಾಕು, ಗಾಡಿಯ ಆಕ್ಸಿಲರೇಟರ್ ತಾನಾಗೇ ತಿರುಗುತ್ತದೆ.

"ಹೇಳಿದ್ರೆ ಇವ್ರ ಗಂಟೇನು ಹೋಗ್ತಿತ್ತು? ಒಂದು ಫೋನು! ಒಂದೇ ಒಂದು ಫೋನು!" ಎನ್ನುತ್ತಾನೆ. ಎದುರಿಗೆ ಕೇಳುವವರು ಇಲ್ಲದಿದ್ದರೂ ಎನ್ನುತ್ತಾನೆ.

ಗಂಗರಾಜು ಸಿ.ಎಸ್. ಪುರದ ಕಡೆಯವನು. ಏಳನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದು, ತುಮಕೂರಿಗೆ ಬಂದು, ಸತ್ಯಮಂಗಲದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಕೆಳಗಿನ ಕಬ್ಬಿಣದ ಸುರುಳಿ ಗುಡಿಸುತ್ತ ಕೆಲಸ ಕಲಿತವನು. ಇಪ್ಪತ್ತು ವರ್ಷ ಬೇರೆಯವರ ಮೆಷಿನ್ ಓಡಿಸಿ, ಆಮೇಲೆ ಹಳೇ ಲೇತ್ ಒಂದನ್ನು ತಗೊಂಡು ಅದೇ ಸತ್ಯಮಂಗಲದಲ್ಲಿ ಶೀಟಿನ ಶೆಡ್ಡು ಹಾಕಿದ. ಒಂದು ಲೇತ್ ನಾಲ್ಕಾಯಿತು, ಕೆಲಸಕ್ಕೆ ಆರು ಜನ ಆದರು. ಶಾಫ್ಟು ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ಸವರಿದರೆ ಎಷ್ಟು ದಪ್ಪ ಉಳಿದಿದೆ ಎಂದು ಹೇಳಿಬಿಡುತ್ತಿದ್ದ. ಕಾಗದ ಮಾತ್ರ ಆಗದು. ಕಾಗದ ಕಂಡರೆ ಬೈಗುಳ ಬಾಯಿಗೆ ಬರುತ್ತಿತ್ತು. ಸಿಟ್ಟಂತೂ ಕೇಳಲೇಬೇಡಿ, ಮೆಷಿನ್ನಿಗೆ ಸ್ವಿಚ್ ಇತ್ತು, ಅವನಿಗಿರಲಿಲ್ಲ.

ಹಾಗಾಗಿ ಕಾಗದದ ಕೆಲಸಕ್ಕೆ ಓಬಳಯ್ಯ ಬರುತ್ತಿದ್ದರು. ಕುಣಿಗಲ್‌ನವರು, ಅರವತ್ತೆಂಟು ದಾಟಿದವರು. ಮೂವತ್ತು ವರ್ಷ ಅಲ್ಲೇ ಒಂದು ತೆಂಗಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆದು, ಮಂಡಿ ಮುಚ್ಚಿದ ಮೇಲೆ ಇವನ ಹತ್ತಿರ ಬಂದಿದ್ದರು. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸಿಗೆ ಬಂದು, ಶೆಡ್ಡಿನ ಮೂಲೆಯ ಟೇಬಲ್ಲಿನಲ್ಲಿ ಬಿಲ್ಲು ಬರೆದು, ಖಾತೆ ಪುಸ್ತಕ ತುಂಬಿಸಿ, ಸಂಜೆ ಬಸ್ಸು ಹಿಡಿಯುತ್ತಿದ್ದರು. ತಿಂಗಳಿಗೆ ಆರು ಸಾವಿರ ಸಂಬಳ. ಎಂಟು ವರ್ಷದಲ್ಲಿ ಒಂದು ಅಂಕಿ ಹೊಡೆದುಹಾಕಿ ತಿದ್ದಿದ್ದನ್ನು ಯಾರೂ ಕಂಡಿರಲಿಲ್ಲ.

ಮಂಡಿಯಲ್ಲಿ ಒಂದು ಪದ್ಧತಿ ಇತ್ತು. ಕಾಯಿ ಕೊಂಡವನು ಸಾವಿರ ಕೊಡಬೇಕಾದ ಕಡೆ ಒಂಬೈನೂರ ತೊಂಬತ್ತು ಕೊಟ್ಟು, "ಸಣ್ಣಕಾಯಿ ಜಾಸ್ತಿ ಇದ್ವು ಕಣಪ್ಪ" ಎಂದು ಹೋಗುತ್ತಿದ್ದ. ಆ ಹತ್ತು ರೂಪಾಯಿಗೆ ಯಾರು ಜಗಳ ಆಡುತ್ತಾರೆ? ಅದನ್ನು ಸೋಡಿ ಎಂದು ಬರೆದು, ಬಿಟ್ಟುಕೊಟ್ಟೆವು ಎಂದು ಅವನ ಲೆಕ್ಕ ಮುಗಿಸಿಬಿಡುತ್ತಿದ್ದರು. ಓಬಳಯ್ಯ ಆ ಪದ್ಧತಿಯನ್ನು ಲೇತ್ ಶೆಡ್ಡಿಗೂ ತಂದರು. ಸತ್ಯಮಂಗಲದ ಚಿಕ್ಕ ಗಿರಾಕಿಗಳೂ ಹಾಗೇ ತಾನೇ, ಐವತ್ತು ನೂರು ಮುರಿದೇ ಕೊಡುವವರು. ಇದರಲ್ಲಿ ಗಂಗರಾಜುಗೂ ತಕರಾರಿರಲಿಲ್ಲ.

ಎರಡು ಸಾವಿರದ ಇಪ್ಪತ್ತನಾಲ್ಕರ ಏಪ್ರಿಲ್‌ನಲ್ಲಿ ದೊಡ್ಡ ಗಿರಾಕಿ ಸಿಕ್ಕಿತು. ಗುಬ್ಬಿ ಕಡೆ, ಬಿದರೆಹಳ್ಳ ಕಾವಲ್ ದಾಟಿ ಸ್ವಲ್ಪ ದೂರದಲ್ಲಿ, ನೀರಿನ ಪಂಪು ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಕಬ್ಬಿಣದ ರಾಡು ಅವರೇ ಕಳಿಸುವುದು, ಇವನು ಅದನ್ನು ಶಾಫ್ಟು ಮಾಡಿ ಕೊಡುವುದು, ಕೂಲಿಗೆ ಬಿಲ್ಲು ಹಾಕುವುದು. ತಿಂಗಳಿಗೆ ಎರಡೂವರೆ ಲಕ್ಷದ ಆಸುಪಾಸು ಕೆಲಸ. ದುಡ್ಡು ನೇರ ಬ್ಯಾಂಕಿಗೆ, ನಲವತ್ತೈದು ದಿನಕ್ಕೆ ಸರಿಯಾಗಿ. ಗಂಗರಾಜು ಹೆಂಡತಿ ಶಶಿಕಲಾಗೆ, "ಇನ್ನು ಬುಡು, ಗೆದ್ವಿ" ಎಂದಿದ್ದ.

ಒಂದು ವರ್ಷ ಹಾಗೇ ನಡೆಯಿತು. ಮರುವರ್ಷ ಜೂನ್‌ನಲ್ಲಿ ತುಮಕೂರಿನ ಆಡಿಟರ್ ಮೋಹನ್‌ಕುಮಾರ್ ಫೋನ್ ಮಾಡಿದ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಬೇಕು, ಖಾತೆ ಪುಸ್ತಕ ತಗೊಂಡು ಬನ್ನಿ ಎಂದ. ಗಂಗರಾಜು ಪುಸ್ತಕ ಚೀಲಕ್ಕೆ ಹಾಕುವ ಮುಂಚೆ, ಎಂದೂ ಇಲ್ಲದ್ದು, ಸುಮ್ಮನೆ ತೆರೆದು ನೋಡಿದ. ಕಂಪನಿಯ ಪುಟದಲ್ಲಿ ತಿಂಗಳು ತಿಂಗಳೂ ಒಂದು ಸಾಲು: ಸೋಡಿ ಎರಡು ಸಾವಿರದ ಐನೂರು. ಸೋಡಿ ಎರಡು ಸಾವಿರದ ನಾನೂರು. ಸೋಡಿ ಎರಡು ಸಾವಿರದ ಆರುನೂರು. ಪುಟದ ಕೆಳಗೆ ಓಬಳಯ್ಯನವರ ದುಂಡು ಅಕ್ಷರದಲ್ಲಿ ವರ್ಷದ ಮೊತ್ತ, ಮೂವತ್ತು ಸಾವಿರದ ಆರುನೂರು.

ಅವನ ಕಿವಿ ಕೆಂಪಗಾಯಿತು.

"ಓಬಳಯ್ಯನೋರೇ!" ಎಂದು ಕೂಗಿದ. ಆರು ಜನ ಕೆಲಸದವರೂ ತಲೆ ಎತ್ತಿದರು. "ಏನ್ರೀ ಇದು? ಮೂವತ್ತು ಸಾವಿರ ಸೋಡಿ ಬಿಡೋಕೆ ನಿಮಗ್ಯಾರು ಹೇಳಿದ್ದು?"

ಓಬಳಯ್ಯ ಕನ್ನಡಕ ಮೇಲೆ ತಳ್ಳಿಕೊಂಡರು. "ನಾನೆಲ್ಲಪ್ಪ ಬಿಟ್ಟೆ? ಬ್ಯಾಂಕಿಗೆ ಅಷ್ಟು ಕಮ್ಮಿನೇ ಬಂತು. ಬಿಲ್ಲು ಎರಡು ಲಕ್ಷದ ಎಂಬತ್ತು ಸಾವಿರ, ಬಂದಿದ್ದು ಎರಡು ಎಪ್ಪತ್ತೇಳೂವರೆ. ಮಿಕ್ಕಿದ್ದು ಸೋಡಿ ಅಂತ ಬರ್ದೆ."

"ಕಮ್ಮಿ ಬಂತು ಅಂತ ನಂಗೆ ಹೇಳ್ಬೇಕು ತಾನೇ?"

"ಹೇಳಿದ್ದೆ. ಹೋದ ವರ್ಷ ಮೊದ್ಲನೇ ದುಡ್ಡು ಬಂದಾಗ. 'ದೊಡ್ಡ ಕಂಪನಿ ಕಣ್ರೀ, ಎರಡು ಸಾವಿರಕ್ಕೆ ಮುಖ ನೋಡ್ಬೇಡಿ' ಅಂದೆಯಲ್ಲ."

ಹೌದು, ಅಂದಿದ್ದ. ಅದು ನೆನಪಾದದ್ದಕ್ಕೇ ಸಿಟ್ಟು ಇನ್ನೂ ಏರಿತು. ಕೂಲಿಯ ನೂರಕ್ಕೆ ಒಂದು ರೂಪಾಯಿಯಂತೆ ಪ್ರತಿ ಬಿಲ್ಲಲ್ಲೂ ಲೆಕ್ಕ ಹಾಕಿ ಕತ್ತರಿಸಿದ ಹಾಗಿದೆ, ಹೀಗೆ ತಪ್ಪದೆ ಕತ್ತರಿಸಬೇಕಾದರೆ ಎರಡು ಕಡೆಯೂ ಒಪ್ಪಂದ ಇರಲೇಬೇಕು ಎಂದು ಅವನ ತಲೆಗೆ ಹೊಕ್ಕಿತು. ಹೊಕ್ಕಿದ್ದನ್ನು ಒಳಗೇ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ.

"ನೂರಕ್ಕೊಂದು! ಕಮಿಷನ್ ಲೆಕ್ಕ ಇದು! ಆ ಕಂಪನಿಯ ಪರ್ಚೇಸ್‌ನವನಿಗೆ ಎಷ್ಟು, ನಿಮಗೆ ಎಷ್ಟು? ಅದನ್ನಾದ್ರೂ ಬರ್ದಿದ್ದೀರೇನ್ರಿ ಈ ಪುಸ್ತಕದಲ್ಲಿ?"

ಎರಡನೇ ಲೇತ್ ಮೇಲಿದ್ದ ಸಂತೋಷ್ ಮೆಷಿನ್ ಆಫ್ ಮಾಡಿದ. ಇನ್ನೊಬ್ಬ ಹಿಂದೆ ಕಿಸಕ್ಕನೆ ನಕ್ಕ. ಅದು ಓಬಳಯ್ಯನವರಿಗೂ ಕೇಳಿಸಿತು.

ಅವರು ಪೆನ್ನಿಗೆ ಕ್ಯಾಪು ಹಾಕಿ ಟೇಬಲ್ ಮೇಲಿಟ್ಟರು. ಊಟದ ಡಬ್ಬಿ ತಗೊಂಡರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ, "ಪುಸ್ತಕ ಪೂರ್ತಿ ಐತೆ. ಯಾರಿಗೆ ಬೇಕಾದ್ರೂ ತೋರ್ಸು" ಎಂದು ಹೊರಟುಹೋದರು. ಮೇ ತಿಂಗಳದು ಮತ್ತು ಜೂನ್ ಅರ್ಧದ್ದು, ಒಂಬತ್ತು ಸಾವಿರ ಸಂಬಳ ಹಾಗೇ ಬಾಕಿ ನಿಂತಿತು.

"ಅಣ್ಣ, ಓಬಳಯ್ಯನೋರು ಹಂಗೆ ಮಾಡೋರಲ್ಲ" ಎಂದ ಸಂತೋಷ್.

"ನಿನ್ ಮೆಷಿನ್ ನೀನು ನೋಡ್ಕಳ್ಲಾ!"

ಗಂಗರಾಜುಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪುಸ್ತಕವನ್ನು ಚೀಲಕ್ಕೆ ತುರುಕಿ, ಆಡಿಟರ್ ಕಡೆ ಹೋಗಬೇಕಾದವನು ಗುಬ್ಬಿ ಕಡೆಗೆ ಗಾಡಿ ತಿರುಗಿಸಿದ. ಹೆಗ್ಗೆರೆ ದಾಟುವ ಹೊತ್ತಿಗೆ ಕಂಪನಿಯವರನ್ನು ಏನೇನು ಬೈಯಬೇಕೆಂದು ಸಾಲುಸಾಲಾಗಿ ಜೋಡಿಸಿಕೊಂಡಿದ್ದ. ಸಿದ್ಧವಾಗಿದ್ದ ಇನ್ನೂರು ಶಾಫ್ಟನ್ನು ಕಳಿಸುವುದೇ ಇಲ್ಲ ಎಂದೂ ತೀರ್ಮಾನಿಸಿದ. ಗುಬ್ಬಿ ಹತ್ತಿರವಾದಂತೆ, ಕಳಿಸದಿದ್ದರೆ ಶನಿವಾರದ ಬಟವಾಡೆಗೆ ಏನು ಮಾಡುವುದು ಎಂಬುದೂ ನೆನಪಾಯಿತು. ಗಾಡಿ ಇನ್ನೂ ಜೋರಾಗಿ ಓಡಿಸಿದ.

ಗೇಟಿನಲ್ಲಿ ಅರ್ಧ ಗಂಟೆ ಕೂರಿಸಿದರು. ಒಳಗೆ ಅಕೌಂಟ್ಸ್ ವಿಭಾಗದಲ್ಲಿ ಪ್ರಮೀಳಾ ಎಂಬ ಹೆಣ್ಣುಮಗಳು ಇದ್ದಳು. ಮೂವತ್ತರ ಒಳಗಿನವಳು, ಎರಡು ಕಂಪ್ಯೂಟರ್ ನಡುವೆ ಕೂತಿದ್ದಳು.

"ನಂದು ಮೂವತ್ತು ಸಾವಿರದ ಆರುನೂರು ಕೊಡಿ" ಎಂದ ಗಂಗರಾಜು, ಕೂರದೆ.

"ಯಾವ ಬಿಲ್ ಸರ್?"

"ಎಲ್ಲಾ ಬಿಲ್ಲೂ! ಹನ್ನೆರಡಕ್ಕೆ ಹನ್ನೆರಡೂ ಮುರಿದಿದ್ದೀರಿ. ಯಾರ ಜೇಬಿಗೆ ಹೋಯ್ತು ಅದು?"

ಪ್ರಮೀಳಾ ಅವನ ಹೆಸರು ಟೈಪ್ ಮಾಡಿ ಪರದೆ ಅವನತ್ತ ತಿರುಗಿಸಿದಳು. "ಮುರಿದಿಲ್ಲ ಸರ್, ಟಿಡಿಎಸ್ ಅದು. ಜಾಬ್ ವರ್ಕ್ ಬಿಲ್ಲಿಗೆ ದುಡ್ಡು ಕೊಡುವಾಗ ನಾವು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಲೇಬೇಕು. ನಿಮ್ಮದು ಸ್ವಂತ ಹೆಸರಿನ ಪ್ಯಾನ್, ಅದಕ್ಕೆ ನೂರಕ್ಕೆ ಒಂದು. ನೋಡಿ, ಕೂಲಿ ಎರಡೂವರೆ ಲಕ್ಷ, ಜಿಎಸ್‌ಟಿ ಮೂವತ್ತು ಸಾವಿರ, ಒಟ್ಟು ಎರಡು ಎಂಬತ್ತು. ಜಿಎಸ್‌ಟಿ ಬೇರೆ ತೋರಿಸಿದ್ದೀರಲ್ಲ, ಅದರ ಮೇಲೆ ಹಿಡಿಯಲ್ಲ. ಎರಡೂವರೆ ಲಕ್ಷಕ್ಕೆ ಎರಡೂವರೆ ಸಾವಿರ. ಮಿಕ್ಕಿದ್ದು ನಿಮ್ಮ ಬ್ಯಾಂಕಿಗೆ."

"ನನ್ನ ಕೇಳದೆ ಹೆಂಗಮ್ಮ ಕಟ್ತೀರಿ ನೀವು?"

"ಕೇಳೋಕೆ ಬರಲ್ಲ ಸರ್, ಕಾನೂನು. ಹಿಡಿಯದೆ ಇದ್ರೆ ನಮಗೆ ದಂಡ. ನಿಮ್ಮ ಹೆಸರಲ್ಲೇ ಕಟ್ಟಿದೀವಿ. ನಿಮ್ಮ ದುಡ್ಡೇ ಅದು."

"ಒಂದು ಮಾತು ಹೇಳೋಕಾಗಲ್ವಾ?"

"ಪ್ರತಿ ಸಲ ಮೇಲ್ ಹಾಕಿದೀವಲ್ಲ ಸರ್! ಬಿಲ್ಲು ಎಷ್ಟು, ಟಿಡಿಎಸ್ ಎಷ್ಟು, ಕಳಿಸಿದ್ದೆಷ್ಟು, ಎಲ್ಲಾ ಇರುತ್ತೆ. ಸರ್ಟಿಫಿಕೇಟೂ ಮೂರು ತಿಂಗಳಿಗೊಮ್ಮೆ ಕಳಿಸಿದೀವಿ. ಇದೇ ಅಲ್ವಾ ನಿಮ್ಮ ಮೇಲ್?"

ಅವನ ಬಿಲ್ಲಿನ ತಲೆಯಲ್ಲಿ ಅಚ್ಚಾಗಿದ್ದದ್ದೇ. ಆ ಮೇಲ್ ಐಡಿಯನ್ನು ಮಾಡಿಕೊಟ್ಟಿದ್ದವನು ಬಿಲ್ ಬುಕ್ಕು ಅಚ್ಚು ಹಾಕಿಕೊಟ್ಟ ಪ್ರೆಸ್ಸಿನವನು. ಮೇಲ್ ಇದ್ದರೆ ದೊಡ್ಡವರ ಥರ ಕಾಣುತ್ತೆ ಅಣ್ಣ ಎಂದು ಅವನೇ ಹಾಕಿದ್ದ. ಪಾಸ್‌ವರ್ಡ್ ಏನೆಂದು ಗಂಗರಾಜುಗೂ ಗೊತ್ತಿಲ್ಲ, ಓಬಳಯ್ಯನವರಿಗೂ ಗೊತ್ತಿಲ್ಲ, ಒಂದು ವರ್ಷದ ಕಾಗದವೆಲ್ಲ ಅದರೊಳಗೆ ಬಿದ್ದಿತ್ತು.

ಜೋಡಿಸಿಕೊಂಡು ಬಂದಿದ್ದ ಬೈಗುಳ ಒಂದೂ ಉಪಯೋಗಕ್ಕೆ ಬರಲಿಲ್ಲ. ಬಂದವನು ಹಾಗೇ ಹೋಗಲಾಗದೆ, "ಮೇಲು ಗೀಲು ಯಾರು ನೋಡ್ತಾರಮ್ಮ? ಫೋನ್ ನಂಬರ್ರೂ ಇತ್ತಲ್ಲ ಅಲ್ಲೇ!" ಎಂದ. ಪ್ರಮೀಳಾ ನಾಲ್ಕು ಹಾಳೆ ಪ್ರಿಂಟ್ ತೆಗೆದು ಕೈಗಿಟ್ಟಳು. "ಫಾರ್ಮ್ ಹದಿನಾರು ಎ, ಟಿಡಿಎಸ್ ಸರ್ಟಿಫಿಕೇಟು. ಆಡಿಟರ್‌ಗೆ ಕೊಡಿ ಸರ್."

ಮಧ್ಯಾಹ್ನ ಊಟ ಬಿಟ್ಟು ಅವನು ತುಮಕೂರು ಟೌನ್‌ಹಾಲ್ ಹತ್ತಿರದ ಮೋಹನ್‌ಕುಮಾರ್ ಆಫೀಸಿನಲ್ಲಿದ್ದ. ಮೋಹನ್‌ಕುಮಾರ್ ಇವನಿಗಿಂತ ಹದಿನೈದು ವರ್ಷ ಚಿಕ್ಕವನು, ಇವನ ಬೈಗುಳಕ್ಕೆ ನಗುವಷ್ಟು ಸಲಿಗೆಯವನು. ಎಲ್ಲ ಕೇಳಿ, "ಅಲ್ಲಾ ಗಂಗರಾಜಣ್ಣ, ಟಿಡಿಎಸ್ಸನ್ನ ಸೋಡಿ ಅಂತ ಬರ್ದವ್ರನ್ನ ನಾನು ಇದೇ ಮೊದಲು ನೋಡ್ತಿರೋದು" ಎಂದು ನಕ್ಕ.

"ನಗ್ಬೇಡ. ದುಡ್ಡು ಹೋಯ್ತೋ ಇತ್ತೋ ಅದು ಹೇಳು."

"ಎಲ್ಲೋಯ್ತದೆ? ಸೋಡಿ ಅಂದ್ರೆ ನೀವು ಬಿಟ್ಟುಕೊಟ್ಟ ದುಡ್ಡು, ಅದು ಕಂಪನಿಗೆ ಉಳೀತು ಅಂತ. ಇದು ಬಿಟ್ಟುಕೊಟ್ಟಿದ್ದಲ್ಲ, ನಿಮ್ಮ ಹೆಸರಲ್ಲಿ ಮುಂಚೇನೇ ಕಟ್ಟಿರೋ ತೆರಿಗೆ. ಸರ್ಕಾರದ ಹತ್ರ ನಿಮ್ಮದು ಜಮಾ ಇದೆ." ಅವನು ಪುಸ್ತಕದ ಒಂದು ಸಾಲಿಗೆ ಬೆರಳಿಟ್ಟ. "ಬಿಲ್ಲು ಎರಡು ಎಂಬತ್ತು. ಬ್ಯಾಂಕಿಗೆ ಬಂದಿದ್ದು ಎರಡು ಎಪ್ಪತ್ತೇಳೂವರೆ, ಟಿಡಿಎಸ್ ಎರಡೂವರೆ ಸಾವಿರ. ಎರಡೂ ಕೂಡ್ಸಿ, ಬಿಲ್ಲು ಸರಿಹೋಯ್ತಾ? ಕಂಪನಿ ನಿಮಗೆ ಒಂದು ಪೈಸೆ ಬಾಕಿ ಇಲ್ಲ. ಇದನ್ನ ಸೋಡಿ ಖಾತೆಯಿಂದ ಕಿತ್ತು ಟಿಡಿಎಸ್ ಅಂತ ಬೇರೆ ಖಾತೆ ಮಾಡ್ಬೇಕು. ರಿಟರ್ನಲ್ಲಿ ಕೂಲಿ ಪೂರ್ತಿ ತೋರಿಸ್ತೀವಿ, ಕೈಗೆ ಬಂದಷ್ಟನ್ನೇ ಅಲ್ಲ. ಈ ವರ್ಷ ನಿಮ್ಮ ಲಾಭಕ್ಕೆ ತೆರಿಗೆ ಬೀಳಲ್ಲ. ಹಾಗಾಗಿ ಹಿಡಿದಿದ್ದೆಲ್ಲಾ ವಾಪಸ್ ಬರುತ್ತೆ."

"ಪೂರ್ತಿ?"

"ಸರ್ಕಾರದ ಕಡೆ ಎಷ್ಟು ಕಾಣಿಸುತ್ತೋ ಅಷ್ಟು. ನೋಡೋಣ ಇರಿ."

ಇಲಾಖೆಯ ವೆಬ್‌ಸೈಟ್‌ಗೆ ಹೋಗಿ, ಗಂಗರಾಜುವಿನ ಮೊಬೈಲಿಗೆ ಬಂದ ಓಟಿಪಿ ಹಾಕಿ, ಇಪ್ಪತ್ತಾರು ಎಎಸ್ ಎಂಬ ಪಟ್ಟಿ ತೆಗೆದ. ಯಾರು ಯಾವತ್ತು ನಿಮ್ಮ ಹೆಸರಲ್ಲಿ ಎಷ್ಟು ತೆರಿಗೆ ಕಟ್ಟಿದ್ದಾರೆ ಎಂಬುದು ಅದರಲ್ಲಿರುತ್ತದೆ. ಮೊತ್ತ ಇಪ್ಪತ್ತೆಂಟು ಸಾವಿರ.

"ಇನ್ನೆರಡು ಸಾವಿರದ ಆರುನೂರು ಎಲ್ಲಿ?" ಗಂಗರಾಜು ಕುರ್ಚಿಯಿಂದ ಎದ್ದೇಬಿಟ್ಟ. "ನೋಡ್ದಾ? ನೋಡ್ದಾ? ನಾನು ಹೇಳ್ಲಿಲ್ವಾ?"

"ಕೂತ್ಕೊಳಣ್ಣ. ಒಂದೊಂದೇ ಬಿಲ್ಲು ಹೇಳಿ, ಟಿಕ್ ಹಾಕ್ತೀನಿ."

ಗಂಗರಾಜು ಓಬಳಯ್ಯನವರ ಪುಸ್ತಕ ಹಿಡಿದು ಓದತೊಡಗಿದ. ಬಿಲ್ ನಂಬರು, ತಾರೀಖು, ಕೂಲಿ, ಜಿಎಸ್‌ಟಿ, ಬಂದದ್ದು, ಕಮ್ಮಿ ಬಂದದ್ದು. ಪ್ರತಿ ಸಾಲೂ ರೂಪಾಯಿಗೆ ರೂಪಾಯಿ ಪಟ್ಟಿಗೆ ಕೂತಿತು. ಏಪ್ರಿಲ್ ಸರಿ, ಮೇ ಸರಿ, ದಸರಾ ಬಂದ ಅಕ್ಟೋಬರೂ ಸರಿ. ನವೆಂಬರ್ ಬಿಲ್ಲು ಬಂದಾಗ ಮೋಹನ್‌ಕುಮಾರ್ ಪೆನ್ನು ನಿಂತಿತು. ಪಟ್ಟಿಯಲ್ಲಿ ನವೆಂಬರ್ ಇಲ್ಲ. ಕಂಪನಿ ಕೊಟ್ಟ ಹಾಳೆಯಲ್ಲೂ ಅಕ್ಟೋಬರ್ ಇದೆ, ಡಿಸೆಂಬರ್ ಇದೆ, ನವೆಂಬರ್ ಇಲ್ಲ. ಪುಸ್ತಕದಲ್ಲಿ ಮಾತ್ರ ಇತ್ತು: ಕೂಲಿ ಎರಡು ಅರವತ್ತು, ಸೋಡಿ ಎರಡು ಸಾವಿರದ ಆರುನೂರು.

ಮೋಹನ್‌ಕುಮಾರ್ ಅಲ್ಲಿಂದಲೇ ಪ್ರಮೀಳಾಗೆ ಫೋನ್ ಮಾಡಿದ. ಅವಳು ಹುಡುಕಿ ಅರ್ಧ ಗಂಟೆ ಬಿಟ್ಟು ವಾಪಸ್ ಮಾಡಿದಳು. ಆ ತಿಂಗಳ ತೆರಿಗೆ ಕಟ್ಟಿದ್ದಾರೆ. ಆದರೆ ಇಲಾಖೆಗೆ ಲೆಕ್ಕ ಒಪ್ಪಿಸುವಾಗ ಇನ್ನೊಂದು ವರ್ಕ್‌ಶಾಪಿನವರ ಪ್ಯಾನ್ ನಂಬರಿಗೆ ಹಾಕಿಬಿಟ್ಟಿದ್ದಾರೆ. ತಪ್ಪು ನಮ್ಮದೇ ಸರ್, ತಿದ್ದುಪಡಿ ಹಾಕ್ತೀವಿ, ಒಂದೆರಡು ವಾರದಲ್ಲಿ ನಿಮ್ಮ ಹೆಸರಿಗೆ ಬರುತ್ತೆ ಎಂದಳು.

"ಅದು ಬಂದ ಮೇಲೇ ರಿಟರ್ನ್ ಹಾಕೋಣ" ಎಂದ ಮೋಹನ್‌ಕುಮಾರ್. "ಇನ್ಮೇಲೆ ಮೂರು ತಿಂಗಳಿಗೊಮ್ಮೆ ಪುಸ್ತಕ ತನ್ನಿ, ಹೀಗೇ ಟಿಕ್ ಹಾಕಿ ನೋಡೋಣ. ಒಂದು ಮಾತು ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಖಾತೆ ಹೆಸರು ತಪ್ಪು ಬರ್ದವ್ರೆ, ಅಂಕಿ ಒಂದೂ ತಪ್ಪಿಲ್ಲ. ಇಷ್ಟು ನೀಟಾಗಿ ಬರೀದೇ ಇದ್ದಿದ್ರೆ ಈ ನವೆಂಬರ್ ನಮಗೆ ಸಿಗ್ತಾನೇ ಇರ್ಲಿಲ್ಲ. ಯಾರಣ್ಣ ಬರೆಯೋದು?"

ಗಂಗರಾಜು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡ.

ಮನೆಯಲ್ಲಿ ಶಶಿಕಲಾಗೆ ಜಗಳದ ಸಂಗತಿ ಆಗಲೇ ಮುಟ್ಟಿತ್ತು, ಸಂತೋಷ್ ಹೇಳಿದ್ದ. ಟಿಡಿಎಸ್ ಕಥೆಯನ್ನು ಗಂಡನ ಬಾಯಿಂದ ಕೇಳಿ ಅವಳು ಅನ್ನ ಬಡಿಸುತ್ತಾ, "ದುಡ್ಡು ಸಿಗ್ತದಂತಲ್ಲ. ಅವರಿಗೆ ಫೋನ್ ಮಾಡಿದ್ರಾ?" ಎಂದಳು.

"ಬೆಳಗ್ಗೆ ಹೋಗ್ತೀನಿ."

"ಹೋಗಿ. ಹೋದ ಕಡೆ ಬಾಯಿ ಸ್ವಲ್ಪ ಹಿಡ್ಕಳಿ. ಅಪ್ಪನ ವಯಸ್ಸಿನೋರು."

ಮಾರನೇ ದಿನ ಸಂಬಳದ ಒಂಬತ್ತು ಸಾವಿರ, ಮೇಲೊಂದು ಸಾವಿರ ಸೇರಿಸಿ ಕವರಿಗೆ ಹಾಕಿಕೊಂಡು ಕುಣಿಗಲ್‌ಗೆ ಹೋದ. ಓಬಳಯ್ಯ ಜಗಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಕಾಫಿ ತರಿಸಿಕೊಟ್ಟರು. ಗಂಗರಾಜು ಎಲ್ಲ ಹೇಳಿದ, ಟಿಡಿಎಸ್, ಇಪ್ಪತ್ತಾರು ಎಎಸ್, ನವೆಂಬರ್. ಅವರು ಆಸಕ್ತಿಯಿಂದ ಕೇಳಿದರು. "ಹಂಗಾರೆ ಕೂಲಿ ಮೇಲೆ ಮಾತ್ರ ಹಿಡೀತಾರೆ, ಜಿಎಸ್‌ಟಿ ಮೇಲಿಲ್ಲ. ನಂಗೂ ಆ ಅಂಕಿ ನೋಡಿ ಅನುಮಾನ ಬರ್ಬೇಕಿತ್ತು ಕಣಪ್ಪ. ಸೋಡಿ ಮುರಿಯೋನು ಇಷ್ಟು ಕರಾರುವಾಕ್ಕಾಗಿ ಮುರಿಯಲ್ಲ. ತಪ್ಪು ನಂದೂ ಐತೆ" ಎಂದರು.

ಗಂಗರಾಜುಗೆ ಉಸಿರು ಬಂದಂತಾಯಿತು. ಕವರು ಮುಂದೆ ಚಾಚಿದ. "ತಗೊಳಿ. ಸೋಮವಾರದಿಂದ ಬನ್ನಿ. ಸಿಟ್ಟಲ್ಲಿ ಏನೋ ಅಂದೆ, ಬುಡಿ."

ಓಬಳಯ್ಯ ಕವರು ಮುಟ್ಟಲಿಲ್ಲ. "ಇಲ್ಲಿ, ನಮ್ಮನೆ ಜಗಲಿ ಮೇಲೆ, ಯಾರೂ ಇಲ್ಲದಾಗ ಬುಡಿ ಅಂತಿದ್ದೀಯ. ಅಂದಿದ್ದು ಇಲ್ಲಲ್ಲವಲ್ಲ ಗಂಗರಾಜು. ಆರು ಜನ ಇದ್ರು, ಒಬ್ಬ ನಕ್ಕ. ಆ ಆರು ಜನದ ಮುಂದೆ ಓಬಳಯ್ಯ ಕದ್ದಿಲ್ಲ, ನಾನು ತಪ್ಪು ಮಾತಾಡ್ದೆ ಅಂತ ಹೇಳು. ಹೇಳಿದ ದಿನ ಫೋನ್ ಮಾಡು, ಬಂದು ಸಂಬಳ ತಗೋತೀನಿ. ಮೇಲಿನ ಸಾವಿರ ಬ್ಯಾಡ."

"ಅಷ್ಟೇನಾ? ನಾಳೇನೇ ಹೇಳ್ತೀನಿ ಬುಡಿ!"

ಮಾರನೇ ದಿನ ಶೆಡ್ಡಿಗೆ ಬಂದ. ಕೆಲಸದವರು ಬಟ್ಟೆ ಬದಲಾಯಿಸುತ್ತಿದ್ದರು. "ನೋಡ್ರಪ್ಪ..." ಎಂದು ಶುರು ಮಾಡಿದ. ಎಲ್ಲರೂ ತಿರುಗಿದರು. ಆ ನಕ್ಕವನೂ ತಿರುಗಿದ. "ನೋಡ್ರಪ್ಪ, ಇನ್ನೂರು ಶಾಫ್ಟು ಇವತ್ತೇ ಹೋಗ್ಬೇಕು" ಎಂದುಬಿಟ್ಟ. ಆರು ಜನಕ್ಕೆ ಸಂಬಳ ಕೊಡುವವನು ಆರು ಜನದ ಮುಂದೆ ತಗ್ಗಿದರೆ ನಾಳೆ ಯಾರು ಮಾತು ಕೇಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ವಾರ ಬಿಟ್ಟು ಮತ್ತೊಮ್ಮೆ ಬಾಯಿ ತೆರೆದ. ಆಗ ಕರೆಂಟ್ ಹೋಯಿತು, ಅದನ್ನೇ ಬೈದುಕೊಂಡು ಸುಮ್ಮನಾದ.

ಜುಲೈನಲ್ಲಿ ನವೆಂಬರ್‌ನ ಎರಡು ಸಾವಿರದ ಆರುನೂರು ಪಟ್ಟಿಗೆ ಬಂತು. ಮೋಹನ್‌ಕುಮಾರ್ ರಿಟರ್ನ್ ಹಾಕಿದ. ಸೆಪ್ಟೆಂಬರ್‌ನಲ್ಲಿ ಮೂವತ್ತು ಸಾವಿರದ ಆರುನೂರೂ ಬ್ಯಾಂಕಿಗೆ ಬಿತ್ತು. ಲೆಕ್ಕ ಈಗ ಶಶಿಕಲಾ ಬರೆಯುತ್ತಾಳೆ, ಮೇಲ್‌ಗೆ ಹೊಸ ಪಾಸ್‌ವರ್ಡ್ ಹಾಕಿಸಿ ತಾನೇ ನೋಡುತ್ತಾಳೆ. ದುಡ್ಡು ಬಿದ್ದ ದಿನ ಅವಳು ಒಂದೇ ಮಾತು ಕೇಳಿದಳು. "ಅವ್ರ ಮಾತು?"

"ಆಯುಧಪೂಜೆ ದಿನ ಹೇಳ್ತೀನಿ. ಎಲ್ಲಾರೂ ಇರ್ತಾರೆ."

ಆಯುಧಪೂಜೆ ದಿನ ಎಲ್ಲರೂ ಇದ್ದರು. ಮೆಷಿನ್ ತೊಳೆದು, ಕುಂಕುಮ ಇಟ್ಟು, ಬಾಳೆಕಂಬ ಕಟ್ಟಿದ್ದರು. ಬೂದುಗುಂಬಳ ಒಡೆದಾಯಿತು. ಹೊಸ ಶರ್ಟು ಹಾಕಿದ್ದ ಆರು ಜನವೂ ಸಾಲಾಗಿ ನಿಂತಿದ್ದರು. ಶಶಿಕಲಾ ಫೋನ್ ಕೈಯಲ್ಲಿ ಹಿಡಿದು, ಕುಣಿಗಲ್‌ನ ನಂಬರ್ ತೆಗೆದಿಟ್ಟುಕೊಂಡು ಗಂಡನ ಮುಖ ನೋಡುತ್ತಿದ್ದಳು. ಗಂಗರಾಜು ಕರ್ಪೂರದ ತಟ್ಟೆ ಹಿಡಿದು ಅವರತ್ತ ತಿರುಗಿದ. ಬಾಯಿ ತೆರೆದ. ಕರ್ಪೂರ ಉರಿದು ತಟ್ಟೆ ಕಾಯುವವರೆಗೂ ನಿಂತ.

"ಆ ಮೂರನೇ ಮೆಷಿನ್ ಕೆಳಗೆ ಆಯಿಲ್ ಚೆಲ್ಲೈತಲ್ಲ, ಯಾವನ್ಲಾ ತೊಳ್ದಿದ್ದು?" ಎಂದ.

ಶಶಿಕಲಾ ಫೋನನ್ನು ಸೆರಗಿಗೆ ಸಿಕ್ಕಿಸಿಕೊಂಡು ಪ್ರಸಾದ ಹಂಚಲು ಹೋದಳು.

ಕುಣಿಗಲ್‌ನ ಮುದುಕ ಫೋನ್ ಮಾಡಿಲ್ಲ, ಒಂಬತ್ತು ಸಾವಿರ ಕೇಳಿಲ್ಲ. ಇವನು ಕೊಟ್ಟೂ ಇಲ್ಲ.